ಹನ್ನೆರಡು ಹಣ್ಣು, ಒಂದು ಗಡಿ: ಅಧ್ಯಾಪಕರಿಗೆ ಮಷೀನ್ ಲರ್ನಿಂಗ್ ಹೇಳಿಕೊಟ್ಟ ಅನುಭವ

ಕೇರಳದ ಏಳನೇ ತರಗತಿಯ ಐ.ಸಿ.ಟಿ., ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಪಠ್ಯಕ್ಕೆ 2024ರಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಸೇರಿದ ಮೇಲೆ, ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕರಿಗೆ ಮಷೀನ್ ಲರ್ನಿಂಗ್, ಅಂದರೆ ಯಂತ್ರ ಉದಾಹರಣೆಗಳಿಂದ ಕಲಿಯುವ ಬಗೆಯನ್ನು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ, ತಾಯಿ ಮಗುವಿಗೆ ಹಣ್ಣು ತೋರಿಸಿ ಹೆಸರು ಹೇಳಿಕೊಡುವ ಹಾಗೆ ಯಂತ್ರವೂ ಕಲಿಯುತ್ತದೆ ಎಂದುಬಿಟ್ಟೆ. ಅದು ತಪ್ಪಾಯಿತು, ಯಂತ್ರಕ್ಕೆ ಹಣ್ಣಿನ ಪರಿಚಯವೇ ಆಗುತ್ತದೆಂದು ಹೆಚ್ಚಿನವರು ತಿಳಿದರು. ಎರಡನೇ ಸಲ ಹಣ್ಣುಗಳನ್ನು ಮುಚ್ಚಿಟ್ಟು, ಅವುಗಳ ತೂಕವನ್ನು ಮಾತ್ರ ಚೀಟಿಗಳಲ್ಲಿ ಬರೆದುಕೊಂಡು ಹೋದೆ.

ಆರು ಕಿತ್ತಳೆ, ಆರು ಮುಸುಂಬಿ. ಅಡುಗೆಮನೆಯ ತಕ್ಕಡಿಯಲ್ಲಿ ಕಿತ್ತಳೆಗಳು 92, 105, 110, 118, 124, 138 ಗ್ರಾಂ ತೂಗಿದವು. ಮುಸುಂಬಿಗಳು 130, 152, 160, 171, 185, 198 ಗ್ರಾಂ. ಚೀಟಿಯ ಮುಂಭಾಗದಲ್ಲಿ ತೂಕ, ಹಿಂಭಾಗದಲ್ಲಿ ಹೆಸರು. ಒಬ್ಬ ಟೀಚರನ್ನು ಯಂತ್ರವಾಗಿ ಕೂರಿಸಿದೆವು. ಅವರ ಬಳಿ ಇದ್ದದ್ದು ಒಂದೇ ಒಂದು ಸಂಖ್ಯೆ, ಅದನ್ನು ಗಡಿ ಎಂದು ಕರೆದೆವು. ತೂಕ ಗಡಿಗಿಂತ ಹೆಚ್ಚಿದ್ದರೆ ಮುಸುಂಬಿ, ಇಲ್ಲದಿದ್ದರೆ ಕಿತ್ತಳೆ ಎನ್ನಬೇಕು. ಗಡಿಯನ್ನು 100 ಎಂದು ಸುಮ್ಮನೆ ಆರಿಸಿಕೊಂಡೆವು. ಉತ್ತರ ಸರಿಯಿದ್ದರೆ ಗಡಿಯನ್ನು ಮುಟ್ಟುವ ಹಾಗಿಲ್ಲ. ತಪ್ಪಿದರೆ ಮಾತ್ರ, ಯಾವ ಕಡೆಗೆ ತಪ್ಪಿತೋ ಅದಕ್ಕೆ ತಕ್ಕಂತೆ ಹತ್ತು ಗ್ರಾಂ ಸರಿಸಬೇಕು. ತಪ್ಪಿದಾಗ ಮಾತ್ರ ತಿದ್ದುವ ಈ ಕ್ರಮ, ಫ್ರಾಂಕ್ ರೋಸೆನ್‌ಬ್ಲಾಟ್ ರೂಪಿಸಿದ ಪರ್ಸೆಪ್ಟ್ರಾನ್ ಎಂಬ ಆರಂಭಕಾಲದ ಕಲಿಯುವ ಯಂತ್ರದ ತಿರುಳೇ ಆಗಿದೆ.

ಮೊದಲ ಚೀಟಿ 110. ಗಡಿಗಿಂತ ಹೆಚ್ಚು, ಆದ್ದರಿಂದ ಮುಸುಂಬಿ ಎಂದರು, ತಿರುಗಿಸಿದರೆ ಕಿತ್ತಳೆ. ಗಡಿ 110ಕ್ಕೆ ಏರಿತು. 160 ಸರಿಯಾಯಿತು. 124 ತಪ್ಪಿ ಗಡಿ 120 ಆಯಿತು, 138 ತಪ್ಪಿ 130 ಆಯಿತು, ಬಳಿಕ 130 ಗ್ರಾಮಿನ ಮುಸುಂಬಿಯನ್ನು ಕಿತ್ತಳೆ ಎಂದದ್ದರಿಂದ ಮತ್ತೆ 120ಕ್ಕೆ ಇಳಿಯಿತು. ಅದೇ ಚೀಟಿಗಳನ್ನು ಅದೇ ಕ್ರಮದಲ್ಲಿ ಮತ್ತೆ ಮತ್ತೆ ತೋರಿಸಿದಾಗ, ಮೂರನೇ ಸುತ್ತಿನಿಂದ ಗಡಿ 130 ಮತ್ತು 140ರ ನಡುವೆ ತೂಗಾಡತೊಡಗಿತು. ಭಾರದ ಕಿತ್ತಳೆಯೊಂದು ಹಗುರ ಮುಸುಂಬಿಗಿಂತ ಹೆಚ್ಚು ತೂಗುವಾಗ ತೂಕದ ಯಾವ ಗಡಿಯೂ ಹನ್ನೆರಡನ್ನೂ ಸರಿಯಾಗಿ ಬೇರ್ಪಡಿಸಲಾರದು ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಗಣಿತದ ಮಾಷ್ಟ್ರೊಬ್ಬರು ಆ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. 130ರಲ್ಲಿ ಎರಡು ತಪ್ಪು, 140ರಲ್ಲಿ ಒಂದೇ ತಪ್ಪು ಆದ್ದರಿಂದ 140 ಅನ್ನು ಉಳಿಸಿಕೊಂಡೆವು. ಯಂತ್ರ ಕಲಿತದ್ದು ಇಷ್ಟೇ, 140 ಎಂಬ ಒಂದು ಸಂಖ್ಯೆ. ಹೀಗೆ ಉದಾಹರಣೆಗಳಿಂದ ಕಲಿತು ತಯಾರಾಗುವ ದೊಡ್ಡ ಮಾಡೆಲ್‌ಗಳಲ್ಲಿ ಇಂಥ ಸಂಖ್ಯೆಗಳು ಕೋಟಿಗಟ್ಟಲೆ ಇರುತ್ತವೆ ಮತ್ತು ಸರಿಸುವ ಲೆಕ್ಕ ಇದಕ್ಕಿಂತ ಸೂಕ್ಷ್ಮವಾಗಿರುತ್ತದೆ. ಆದರೆ ತಪ್ಪನ್ನು ನೋಡಿ ಸಂಖ್ಯೆಯನ್ನು ಸರಿಸುವುದು ಅಲ್ಲಿಯೂ ನಡೆಯುತ್ತದೆ.

ಆಗ ಒಬ್ಬರು, "ತೂಕ ಯಾಕೆ, ಬಣ್ಣ ಸಾಕಲ್ಲ?" ಎಂದರು. ಅಂಗಡಿಯಿಂದ ತಂದ ನಮ್ಮ ಆರೂ ಕಿತ್ತಳೆಗಳು ಕಿತ್ತಳೆ ಬಣ್ಣದವು, ಮುಸುಂಬಿಗಳೆಲ್ಲ ಹಸಿರು. ಚೀಟಿಗಳಲ್ಲಿ ಬಣ್ಣವನ್ನೂ ಬರೆದು ನೋಡಿದರೆ ಹನ್ನೆರಡಕ್ಕೆ ಹನ್ನೆರಡೂ ಸರಿ. ಎಲ್ಲರಿಗೂ ಸಂತೋಷವಾಯಿತು. ಆದರೆ ಗಣಿತದ ಮಾಷ್ಟ್ರು, "ಪಾಠದಲ್ಲಿ ಮಾಡಿಸಿದ ಲೆಕ್ಕವನ್ನೇ ಪರೀಕ್ಷೆಗೂ ಕೊಟ್ಟ ಹಾಗಾಯಿತಲ್ಲ" ಎಂದರು. ಆ ಮಾತಿಗಾಗಿಯೇ ನಾನು ಕಾದಿದ್ದೆ. ಚೀಲದ ತಳದಲ್ಲಿ ಬೇರೆ ಆರು ಹಣ್ಣುಗಳಿದ್ದವು: 149, 166, 190 ಗ್ರಾಮಿನ ಮುಸುಂಬಿಗಳು, ಮತ್ತು ಮಡಿಕೇರಿ ಕಡೆಯಿಂದ ತರಿಸಿದ 104, 117, 121 ಗ್ರಾಮಿನ ಕಿತ್ತಳೆಗಳು. ಕೊಡಗಿನ ಕಿತ್ತಳೆ ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರುವುದುಂಟು. ಈ ಮೂರೂ ಹಾಗೆಯೇ ಇದ್ದವು. ಬಣ್ಣದ ನಿಯಮ ಮೂರನ್ನೂ ಮುಸುಂಬಿ ಎಂದಿತು. ಹನ್ನೆರಡರಲ್ಲಿ ಒಂದು ತಪ್ಪಿದ್ದ ತೂಕದ ನಿಯಮವಾದರೋ ಆರನ್ನೂ ಸರಿಯಾಗಿ ಗುರುತಿಸಿತು.

ತಪ್ಪಿದ್ದು ಯಂತ್ರವಲ್ಲ, ಅದಕ್ಕೆ ಒಂದೇ ಅಂಗಡಿಯ ಹಣ್ಣುಗಳನ್ನು ತೋರಿಸಿದ ನಾವು ಎಂದು ಅಲ್ಲಿ ವಿವರಿಸಿದೆ. ಹಸಿರು ಕಿತ್ತಳೆಗಳೂ ಉದಾಹರಣೆಗಳಲ್ಲಿ ಸೇರಿದರೆ ಬಣ್ಣದ ಮೇಲಿನ ಭರವಸೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಹಾಗೆ ಸೇರಿಸಿದ ಹಣ್ಣುಗಳನ್ನು ಮತ್ತೆ ಪರೀಕ್ಷೆಗೆ ಬಳಸಬಾರದು, ಪರೀಕ್ಷೆಗೆ ಬೇರೆ ಹಣ್ಣುಗಳೇ ಬೇಕು. ಈ ಭಾಗಕ್ಕೆ ಅರ್ಧ ಗಂಟೆ ಕೊಟ್ಟೆ.

ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನ ಟೀಚರೊಬ್ಬರು ತಮ್ಮ ಮನೆಯ ಲಿಂಬೆಯೊಂದನ್ನು ಮೇಜಿನ ಮೇಲಿಟ್ಟರು. 45 ಗ್ರಾಂ. "ಕಿತ್ತಳೆ" ಎಂದರು ಯಂತ್ರವಾಗಿ ಕುಳಿತಿದ್ದವರು. ಅವರ ನಿಯಮದಲ್ಲಿ ಗೊತ್ತಿಲ್ಲ ಎನ್ನಲು ಜಾಗವೇ ಇರಲಿಲ್ಲ. ಮುಂದಿನ ಶಾಲೆಗೆ ಹೋಗುವಾಗ ಚೀಲದಲ್ಲಿ ಒಂದು ಲಿಂಬೆಯನ್ನೂ ಹಾಕಿಕೊಂಡೆ.