ಮೆಥಡಾಲಜಿ ಅಧ್ಯಾಯವನ್ನು ನಾನು ಹಿಂದಿನಿಂದ ಮುಂದಕ್ಕೆ ಬರೆದೆ

ಬಿಇ ಕೊನೇ ವರ್ಷದಲ್ಲಿ ನಮ್ಮ ಪ್ರಾಜೆಕ್ಟ್ ಇದ್ದದ್ದು ಕೈಬರಹದ ಕನ್ನಡ ಅಂಕಿಗಳ ಮೇಲೆ. ೦ಯಿಂದ ೯ರವರೆಗೆ ಯಾರು ಬರೆದರೂ ಕಂಪ್ಯೂಟರ್ ಅದನ್ನು ಗುರುತಿಸಬೇಕು. ನಾಲ್ಕು ಜನರ ತಂಡ. ರಿಪೋರ್ಟಿನ ಮೂರನೇ ಅಧ್ಯಾಯ, ಅಂದರೆ ಮೆಥಡಾಲಜಿ, ನನ್ನ ಪಾಲಿಗೆ ಬಂತು.

ಮೊದಲು ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿ ಹಳೇ ರಿಪೋರ್ಟ್‌ಗಳನ್ನು ತೆಗೆದು ನೋಡಿದೆ. ಮುಕ್ಕಾಲು ಪಾಲು ಒಂದೇ ಅಚ್ಚಿನವು. ವಾಟರ್‌ಫಾಲ್ ಮಾಡೆಲ್ ಚಿತ್ರ, ಪೈಥಾನ್ ಅಂದರೆ ಏನು ಅಂತ ಅರ್ಧ ಪುಟ, 8 ಜಿಬಿ ರ‍್ಯಾಮ್ ಬೇಕು ಅಂತ ಒಂದು ಪಟ್ಟಿ, ಕೊನೆಗೆ "ಅಕ್ಯುರಸಿ ಲೆಕ್ಕ ಹಾಕಲಾಗುವುದು" ಅನ್ನೋ ಒಂದು ಸಾಲು. ಓದಿ ಮುಗಿಸಿದ ಮೇಲೂ ಇವರು ನಿಜವಾಗಿ ಏನು ಮಾಡಿದರು ಅಂತ ಗೊತ್ತಾಗಲ್ಲ. ನಮ್ಮ ಗೈಡ್ ಮೇಡಂ ಕೇಳೋದು ಒಂದೇ ಪ್ರಶ್ನೆ: "ಈ ಅಧ್ಯಾಯ ಕೊಟ್ಟರೆ ಪಕ್ಕದ ಟೀಮಿನವರು ನಿಮ್ಮ ಪ್ರಾಜೆಕ್ಟನ್ನ ಹಾಗೇ ಮತ್ತೆ ಮಾಡ್ತಾರೇನಪ್ಪಾ?" ಪೈಥಾನ್ ಪರಿಚಯ ಓದಿ ಯಾರೂ ಮಾಡಲಾರರು, ಅಲ್ವಾ?

ಹಾಗಾಗಿ ನಾನು ಬರೆಯೋಕೆ ಶುರು ಮಾಡಿದ್ದು ಕೊನೆಯಲ್ಲಿ ಬರುವ ಭಾಗದಿಂದ, ಅಂದರೆ ಇವ್ಯಾಲ್ಯುಯೇಷನ್ ಪ್ಲಾನ್‌ನಿಂದ. ಕಾರಣ ಇದೆ. ಯಾವ ಪರೀಕ್ಷೆ ಮಾಡುತ್ತೇವೆ ಅಂತ ಗೊತ್ತಾದರೆ ಎಷ್ಟು ಡೇಟಾ ಬೇಕು, ಹೇಗೆ ಸಂಗ್ರಹಿಸಬೇಕು, ಯಾವ ಟೂಲ್ ಬೇಕು, ಯಾವ ವಾರ ಏನು ಮುಗಿದಿರಬೇಕು ಅನ್ನೋದೆಲ್ಲ ಅದರಿಂದಲೇ ಬರುತ್ತೆ. ಉಲ್ಟಾ ಹೋದರೆ, ಇರೋ ಡೇಟಾಗೆ ತಕ್ಕ ಪರೀಕ್ಷೆಯನ್ನು ಕೊನೇ ವಾರದಲ್ಲಿ ಹುಡುಕುತ್ತಾ ಕೂರಬೇಕು.

ನಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದೆ: ಟ್ರೈನಿಂಗ್‌ನಲ್ಲಿ ಒಮ್ಮೆಯೂ ನೋಡದ ವ್ಯಕ್ತಿಯ ಕೈಬರಹವನ್ನು ನಮ್ಮ ಮಾಡೆಲ್ ಎಷ್ಟು ಸರಿಯಾಗಿ ಓದುತ್ತೆ? ಇದರಲ್ಲಿ "ನೋಡದ ವ್ಯಕ್ತಿ" ಅನ್ನೋದೇ ಮುಖ್ಯ. ಒಬ್ಬೊಬ್ಬರ ಕೈಯಲ್ಲಿ ಪ್ರತಿ ಅಂಕಿಯನ್ನು 10 ಸಲ ಬರೆಸೋದು ಅಂತ ನಾವು ತೀರ್ಮಾನಿಸಿದ್ದೆವು. ಎಲ್ಲ ಚಿತ್ರಗಳನ್ನೂ ಕಲಸಿ ಸುಮ್ನೆ 80-20 ಅಂತ ಭಾಗ ಮಾಡಿದರೆ, ಒಬ್ಬರು ಬರೆದ ಹತ್ತು ೫ರಲ್ಲಿ ಸುಮಾರು ಎಂಟು ಟ್ರೈನಿಂಗಿಗೆ ಹೋಗಿ ಉಳಿದವು ಟೆಸ್ಟಿಗೆ ಬರುತ್ತವೆ. ಆ ಕೈಬರಹದ ಬಳುಕು ಮಾಡೆಲ್‌ಗೆ ಆಗಲೇ ಪರಿಚಯ. ಅಕ್ಯುರಸಿ ಚೆನ್ನಾಗಿ ಕಾಣುತ್ತೆ, ಆದರೆ ಹೊಸಬರು ಬಂದು ಬರೆದಾಗ ಅದು ನಿಲ್ಲಲ್ಲ.

ಇದು ನಮ್ಮದೇ ಅನುಮಾನ ಅಲ್ಲ. 2019ರಲ್ಲಿ ಬಂದ ಕನ್ನಡ-ಎಂನಿಸ್ಟ್ ಅನ್ನೋ ಡೇಟಾಸೆಟ್‌ನಲ್ಲಿ 70,000 ಅಂಕಿಗಳ ಚಿತ್ರಗಳಿವೆ, ಅದರ ಜೊತೆಗೆ ಬೇರೆಯೇ ಜನರಿಂದ ಬರೆಸಿದ 10,240 ಚಿತ್ರಗಳ ಇನ್ನೊಂದು ಸೆಟ್ ಕೂಡ ಇದೆ. ಮೊದಲನೆಯದರ ಮೇಲೆ ಕಲಿತ ಮಾಡೆಲ್ ಎರಡನೆಯದರ ಮೇಲೆ ಬಹಳ ಕೆಳಗೆ ಇಳಿಯುತ್ತೆ ಅಂತ ಅದನ್ನು ಬಿಡುಗಡೆ ಮಾಡಿದವರೇ ತೋರಿಸಿದ್ದಾರೆ. ಮೆಥಡಾಲಜಿಯಲ್ಲಿ ಇದನ್ನು ಎರಡು ಸಾಲಿನಲ್ಲಿ ಹೇಳಿ, "ಆದ್ದರಿಂದ ನಾವು ಚಿತ್ರಗಳನ್ನಲ್ಲ, ಬರೆದವರನ್ನು ಭಾಗ ಮಾಡುತ್ತೇವೆ" ಅಂತ ಬರೆದೆ. ಏನು ಮಾಡಿದಿರಿ ಅನ್ನೋದಕ್ಕಿಂತ ಯಾಕೆ ಮಾಡಿದಿರಿ ಅನ್ನೋದನ್ನೇ ಎಕ್ಸ್‌ಟರ್ನಲ್‌ಗಳು ಜಾಸ್ತಿ ಕೆದಕೋದು.

ಆಮೇಲೆ ಲೆಕ್ಕ. 60 ಜನ, ಒಬ್ಬೊಬ್ಬರಿಂದ 100 ಅಂಕಿ, ಒಟ್ಟು 6,000 ಚಿತ್ರ. 42 ಜನರದ್ದು ಟ್ರೈನಿಂಗಿಗೆ, 6 ಜನರದ್ದು ವ್ಯಾಲಿಡೇಷನ್‌ಗೆ, 12 ಜನರದ್ದು ಟೆಸ್ಟಿಗೆ. ಅಂದರೆ ಟೆಸ್ಟಿನಲ್ಲಿ 1,200 ಚಿತ್ರ, ಒಂದೊಂದು ಅಂಕಿಗೆ 120. ಒಂದು ಅಂಕಿಯಲ್ಲಿ ಒಂದೇ ಒಂದು ಚಿತ್ರ ತಪ್ಪಾದರೂ ಆ ಅಂಕಿಯ ರೀಕಾಲ್, ಅಂದರೆ ಅದರ ಚಿತ್ರಗಳಲ್ಲಿ ಸರಿಯಾಗಿ ಗುರುತಿಸಿದವುಗಳ ಪಾಲು, ಸುಮಾರು ಶೇ. 0.8 ಇಳಿಯುತ್ತೆ. ಹಾಗಿರುವಾಗ "೭ರ ರೀಕಾಲ್ 94.17ರಿಂದ 95ಕ್ಕೆ ಏರಿತು" ಅಂತ ಬರೆಯೋದರಲ್ಲಿ ಅರ್ಥವಿಲ್ಲ, ಅದು ಒಂದು ಚಿತ್ರದ ವ್ಯತ್ಯಾಸ ಅಷ್ಟೇ. ಈ ಲೆಕ್ಕವನ್ನು ಅಧ್ಯಾಯದಲ್ಲೇ ಹಾಕಿ, ಇಷ್ಟು ಸಣ್ಣ ವ್ಯತ್ಯಾಸಗಳನ್ನು ಸುಧಾರಣೆ ಅಂತ ಕರೆಯುವುದಿಲ್ಲ ಅಂತಲೂ ಬರೆದುಬಿಟ್ಟೆ.

ಭಾಗ ಮಾಡುವುದನ್ನು ಮಾತಿನಲ್ಲಿ ವಿವರಿಸೋದಕ್ಕಿಂತ ಈ ನಾಲ್ಕು ಸಾಲು ಹಾಕೋದು ವಾಸಿ ಅನ್ನಿಸಿತು. ಇಡೀ ಅಧ್ಯಾಯದಲ್ಲಿ ನಾನು ಹಾಕಿದ ಕೋಡ್ ಇಷ್ಟೇ:

```python
from sklearn.model_selection import GroupShuffleSplit
gss = GroupShuffleSplit(n_splits=1, test_size=0.2, random_state=42)
rest, test = next(gss.split(X, y, groups=writer_id))
assert not set(writer_id[rest]) & set(writer_id[test])
```

ಇಲ್ಲಿ `test_size=0.2` ಅಂದರೆ ಶೇ. 20 ಚಿತ್ರಗಳಲ್ಲ, ಶೇ. 20 ಜನ. ಕೊನೇ ಸಾಲು ಒಬ್ಬರೇ ಎರಡೂ ಕಡೆ ಇದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುವಂತೆ ಮಾಡುತ್ತೆ. ಉಳಿದ 48 ಜನರಿಂದ ವ್ಯಾಲಿಡೇಷನ್‌ನ 6 ಜನರನ್ನು ಇದೇ ರೀತಿ ಮತ್ತೊಮ್ಮೆ ಬೇರೆ ಮಾಡಬೇಕು.

ಗೆದ್ದೆವು ಅಂತ ಯಾವಾಗ ಹೇಳುತ್ತೇವೆ ಅನ್ನೋದನ್ನೂ ಟ್ರೈನಿಂಗ್ ಶುರುವಾಗುವ ಮುಂಚೆಯೇ ಬರೆದಿಟ್ಟೆವು. ಹೋಲಿಕೆಗೆ ಒಂದು ಸರಳ ವಿಧಾನ ಬೇಕಲ್ಲ, ಅದಕ್ಕೆ ಚಿತ್ರದ ಅಂಚುಗಳ ದಿಕ್ಕನ್ನು ಅಳೆಯುವ ಎಚ್‌ಒಜಿ ಫೀಚರ್‌ಗಳ ಮೇಲೆ ಎಸ್‌ವಿಎಂ ಅನ್ನೋ ವರ್ಗೀಕರಣ ವಿಧಾನ ಇಟ್ಟುಕೊಂಡೆವು. ನಮ್ಮ ಮಾಡೆಲ್ ಸಿಎನ್‌ಎನ್ ಅನ್ನೋ ಸಣ್ಣ ನ್ಯೂರಲ್ ನೆಟ್‌ವರ್ಕ್, ಅದು ಒಟ್ಟು ಅಕ್ಯುರಸಿಯಲ್ಲಿ ಎಸ್‌ವಿಎಂಗಿಂತ ಕನಿಷ್ಠ 3 ಶೇಕಡಾ ಅಂಶ ಮೇಲಿರಬೇಕು, ಯಾವ ಅಂಕಿಯ ರೀಕಾಲ್ ಕೂಡ ಶೇ. 85ಕ್ಕಿಂತ ಕೆಳಗೆ ಇರಬಾರದು. ಎರಡನೇ ಷರತ್ತು ಹಾಕಿದ್ದು ಕನ್ನಡದ ಅಂಕಿಗಳ ಆಕಾರ ನೋಡಿ. ೩ ಮತ್ತು ೭, ೬ ಮತ್ತು ೯, ಅವಸರದಲ್ಲಿ ಬರೆದ ೦ ಮತ್ತು ೧, ಇವು ಒಂದಕ್ಕೊಂದು ಹತ್ತಿರ. ೧ರ ಬಾಯಿ ಸ್ವಲ್ಪ ಮುಚ್ಚಿಕೊಂಡರೆ ಅದು ೦ಯೇ. ಒಟ್ಟು ಅಕ್ಯುರಸಿ ಒಂದನ್ನೇ ಕೊಟ್ಟರೆ ಈ ಜೋಡಿಗಳ ಗೋಜಲು ಅದರೊಳಗೆ ಅಡಗಿಹೋಗುತ್ತೆ. ಆದ್ದರಿಂದ ಯಾವ ಅಂಕಿಯನ್ನು ಯಾವುದು ಅಂತ ಎಷ್ಟು ಸಲ ಓದಿತು ಅಂತ ತೋರಿಸುವ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ ಕೊಡುತ್ತೇವೆ, ಮೂರು ಜೋಡಿಗಳನ್ನು ಹೆಸರಿಸಿ ಬೇರೆಯಾಗಿ ನೋಡುತ್ತೇವೆ, ಜೊತೆಗೆ 12 ಜನರಲ್ಲಿ ಒಬ್ಬೊಬ್ಬರ ಅಕ್ಯುರಸಿಯನ್ನೂ ಕೊಡುತ್ತೇವೆ ಅಂತ ಬರೆದೆ. ಟೆಸ್ಟ್ ಸೆಟ್ಟನ್ನು ಮುಟ್ಟೋದು ಒಂದೇ ಸಲ, ಎಲ್ಲ ಮುಗಿದ ಮೇಲೆ. ಮಧ್ಯೆ ಮಾಡುವ ಎಲ್ಲ ಆಯ್ಕೆಗಳೂ ವ್ಯಾಲಿಡೇಷನ್ ಮೇಲೆ.

ಇಷ್ಟು ಬರೆದ ಮೇಲೆ ಡೇಟಾ ಭಾಗ ಸಲೀಸಾಗಿ ಬಂತು. ಎ4 ಹಾಳೆ, 10 ಸಾಲು 10 ಕಾಲಂ ಚೌಕ, ಪ್ರತಿ ಸಾಲಿಗೆ ಒಂದು ಅಂಕಿ. ಬರೆದವರ ಹೆಸರು ಎಲ್ಲೂ ಇಲ್ಲ, ಹಾಳೆಯ ಮೂಲೆಯಲ್ಲಿ `W01`, `W02` ಅಂತ ಸಂಖ್ಯೆ ಮಾತ್ರ. ಈ ಸಂಖ್ಯೆ ಫೈಲ್ ಹೆಸರಿಗೂ ಹೋಗಬೇಕು, ಇಲ್ಲದಿದ್ದರೆ ಮೇಲಿನ ಕೋಡ್‌ಗೆ ಬೇಕಾದ `writer_id` ಎಲ್ಲಿಂದ ಬರುತ್ತೆ? ನಮ್ಮ ಫೈಲ್ ಹೆಸರು `W07_3_05.png` ಅಂತ ಇರುತ್ತಿತ್ತು: ಏಳನೇ ವ್ಯಕ್ತಿ, ಅಂಕಿ ಮೂರು, ಐದನೇ ಸಲ. ಪರೀಕ್ಷೆಯನ್ನು ಮೊದಲೇ ಬರೆದಿದ್ದರಿಂದ ಸಿಕ್ಕ ನೇರ ಲಾಭ ಇದು, ಏಕೆಂದರೆ ಯಾರು ಬರೆದದ್ದು ಅನ್ನೋ ಮಾಹಿತಿ ಸಂಗ್ರಹದ ದಿನ ಕಳೆದರೆ ಆಮೇಲೆ ಯಾವ ಟೂಲೂ ಅದನ್ನು ವಾಪಸ್ ತರಲ್ಲ.

ಟೂಲ್‌ಗಳ ಭಾಗ ಒಂದು ಪುಟ ದಾಟಲಿಲ್ಲ. ಪಟ್ಟಿಗೆ ನಾಲ್ಕು ಕಾಲಂ ಇಟ್ಟೆ: ಟೂಲ್, ವರ್ಷನ್, ಯಾವ ಹಂತದಲ್ಲಿ, ಯಾಕೆ ಇದೇ. ನಾಲ್ಕನೇ ಕಾಲಂ ತುಂಬೋಕೆ ಆಗದ ಟೂಲ್ ಪಟ್ಟಿಯಿಂದ ಹೊರಗೆ. ಉದಾಹರಣೆಗೆ ಓಪನ್‌ಸಿವಿ ಸಾಲಿನಲ್ಲಿ "ಚಿತ್ರ ಸಂಸ್ಕರಣೆಗೆ" ಅಂತ ಬರೆಯದೆ ಹೀಗೆ ಬರೆದೆ: 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಹಾಳೆಯ ಚೌಕಗಳನ್ನು ಕತ್ತರಿಸಲು, ಓಟ್ಸು ವಿಧಾನದಲ್ಲಿ ಕಪ್ಪು-ಬಿಳುಪು ಮಾಡಲು, 28×28ಕ್ಕೆ ಇಳಿಸಲು. 28×28 ಯಾಕೆ ಅಂದರೆ ಕನ್ನಡ-ಎಂನಿಸ್ಟ್ ಚಿತ್ರಗಳ ಅಳತೆಯೂ ಅದೇ, ಬೇಕಾದರೆ ಎರಡನ್ನೂ ಸೇರಿಸಬಹುದು. ವರ್ಷನ್‌ಗಳನ್ನು ನೆನಪಿನಿಂದ ಬರೆಯಬೇಡಿ. `python -m pip freeze > requirements.txt` ಕೊಟ್ಟರೆ ಇನ್‌ಸ್ಟಾಲ್ ಆಗಿರೋ ಎಲ್ಲ ಪ್ಯಾಕೇಜ್‌ಗಳ ವರ್ಷನ್ ಫೈಲಿಗೆ ಬರುತ್ತೆ, ಅದನ್ನು ಅನುಬಂಧದಲ್ಲಿ ಹಾಕಿ, ಮುಖ್ಯವಾದ ನಾಲ್ಕೈದನ್ನು ಮಾತ್ರ ಪಟ್ಟಿಯಲ್ಲಿ ತೋರಿಸಿ. ಎಂಎಸ್ ವರ್ಡ್, ಕೀಬೋರ್ಡ್, ಮೌಸ್ ಇವನ್ನೆಲ್ಲ ಟೂಲ್ ಅಂತ ಹಾಕೋ ಪದ್ಧತಿ ಯಾರು ಶುರು ಮಾಡಿದರೋ ಗೊತ್ತಿಲ್ಲ.

ಟೈಮ್‌ಲೈನ್‌ನಲ್ಲಿ ಬಹಳ ಜನ ಎಡವೋದು ಒಂದೇ ಕಡೆ. "ಡೇಟಾ ಸಂಗ್ರಹ: 3ರಿಂದ 5ನೇ ವಾರ" ಅಂತ ಬಣ್ಣದ ಪಟ್ಟಿ ಎಳೆದು ಬಿಡುತ್ತಾರೆ, ಆ ವಾರದ ಕೊನೆಗೆ ಮೇಜಿನ ಮೇಲೆ ಏನಿರಬೇಕು ಅಂತ ಬರೆಯಲ್ಲ. ನಾನು ಪ್ರತಿ ಸಾಲಿಗೂ ಕಣ್ಣಿಗೆ ಕಾಣುವ ಒಂದು ಫಲ ಇಟ್ಟೆ. 5ನೇ ವಾರದ ಕೊನೆಗೆ: 60 ಹಾಳೆ ಸ್ಕ್ಯಾನ್ ಆಗಿರಬೇಕು. 6ನೇ ವಾರ: ಎಲ್ಲ ಚೌಕ ಕತ್ತರಿಸಿ, ಇಬ್ಬರು ಲೇಬಲ್ ಪರಿಶೀಲಿಸಿ, ಯಾರು ಟೆಸ್ಟ್ ಯಾರು ಟ್ರೈನಿಂಗ್ ಅನ್ನೋ ಫೈಲ್ ಬೀಗ ಹಾಕಿದಂತೆ ಆಗಬೇಕು. 7ನೇ ವಾರ: ಎಸ್‌ವಿಎಂ ಫಲಿತಾಂಶ. 8ರಿಂದ 11: ಸಿಎನ್‌ಎನ್. 12: ಟೆಸ್ಟ್. 13ರಿಂದ 15: ರಿಪೋರ್ಟ್. 16ನೇ ವಾರ ಖಾಲಿ. ಖಾಲಿ ಬಿಟ್ಟಿದ್ದನ್ನು ನೋಡಿ ತಂಡದ ಗೆಳೆಯ "ಇದೇನೋ, ರಜೆನಾ?" ಅಂದ. ಅಲ್ಲ, ಯಾವುದೋ ಒಂದು ಕೆಲಸ ಜಾರಿಯೇ ಜಾರುತ್ತೆ, ಅದು ಬೀಳೋಕೆ ಜಾಗ ಬೇಕು. ಇಂಟರ್ನಲ್ಸ್ ಇದ್ದ 5 ಮತ್ತು 10ನೇ ವಾರಗಳನ್ನೂ ಚಾರ್ಟಿನಲ್ಲಿ ಬೂದು ಬಣ್ಣದಲ್ಲಿ ತೋರಿಸಿದೆ, ಆ ವಾರ ಅರ್ಧ ಕೆಲಸ ಅಂತಲೇ ಲೆಕ್ಕ. ಚಾರ್ಟ್ ಮಾಡಿದ್ದು ಸಾದಾ ಸ್ಪ್ರೆಡ್‌ಶೀಟಿನಲ್ಲಿ, ಸೆಲ್‌ಗಳಿಗೆ ಬಣ್ಣ ತುಂಬಿ.

ಚಾರ್ಟಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಐದನೇ ವಾರದ ಕೊನೆಗೆ 40 ಹಾಳೆಗಿಂತ ಕಡಿಮೆ ಇದ್ದರೆ, ಟ್ರೈನಿಂಗಿಗೆ ಕನ್ನಡ-ಎಂನಿಸ್ಟ್ ಬಳಸಿ, ನಮ್ಮ ಹಾಳೆಗಳನ್ನೆಲ್ಲ ವ್ಯಾಲಿಡೇಷನ್ ಮತ್ತು ಟೆಸ್ಟಿಗೆ ಮಾತ್ರ ಇಟ್ಟುಕೊಳ್ಳುತ್ತೇವೆ. ಈ ದಾರಿ ಹಿಡಿದರೂ ಮೂಲ ಪ್ರಶ್ನೆ ಹಾಳಾಗಲ್ಲ, ಟೆಸ್ಟ್ ಮಾಡೋದು ಆಗಲೂ ನೋಡದ ಜನರ ಮೇಲೆಯೇ. ಏನು ಕೈಕೊಟ್ಟರೆ ಏನು ಮಾಡುತ್ತೇವೆ ಅಂತ ಸಂಖ್ಯೆ, ವಾರ ಹಾಕಿ ಬರೆದರೆ ಮಾತ್ರ ಅದು ಪ್ಲಾನ್. "ತೊಂದರೆಯಾದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆಯೋದು ಸರ್ಕಾರಿ ಸುತ್ತೋಲೆಗೆ ಸರಿ.

ಬರೆದದ್ದು ಹಿಂದಿನಿಂದಾದರೂ ರಿಪೋರ್ಟಿನಲ್ಲಿ ಜೋಡಿಸಿದ್ದು ಓದುವವರ ಕ್ರಮದಲ್ಲೇ: 3.1 ಪ್ರಶ್ನೆ ಮತ್ತು ಒಟ್ಟು ವಿಧಾನ, 3.2 ಡೇಟಾ, 3.3 ಮಾಡೆಲ್‌ಗಳು, 3.4 ಟೂಲ್‌ಗಳು, 3.5 ಇವ್ಯಾಲ್ಯುಯೇಷನ್, 3.6 ಟೈಮ್‌ಲೈನ್. ಸಿನಾಪ್ಸಿಸ್ ಕೊಡುವಾಗ ಎಲ್ಲ ಭವಿಷ್ಯತ್ಕಾಲದಲ್ಲಿತ್ತು, ಅಂತಿಮ ರಿಪೋರ್ಟಿಗೆ ಬಂದಾಗ ಭೂತಕಾಲಕ್ಕೆ ತಿದ್ದಬೇಕು. ಬೈಂಡಿಂಗಿಗೆ ಹೋಗುವ ಮುಂಚೆ `will be` ಅಂತ ಒಮ್ಮೆ ಹುಡುಕಿ ನೋಡಿ, ಮುಗಿದ ಕೆಲಸವನ್ನು ಮುಂದೆ ಮಾಡುತ್ತೇವೆ ಅಂತ ಹೇಳೋ ಸಾಲುಗಳು ಸಿಗುತ್ತವೆ. ಟೈಮ್‌ಲೈನ್‌ನಲ್ಲಿ ಮಾತ್ರ ಹಳೆಯ ಯೋಜನೆಯನ್ನು ಅಳಿಸಬೇಡಿ. ಯೋಜಿಸಿದ ವಾರದ ಪಕ್ಕದಲ್ಲೇ ನಿಜವಾಗಿ ಮುಗಿದ ವಾರಕ್ಕೆ ಇನ್ನೊಂದು ಕಾಲಂ ಹಾಕಿ.

3.5ರ ಕೊನೆಯಲ್ಲಿ ಮಿತಿಗಳಿಗೆ ಒಂದು ಪ್ಯಾರಾ ಇಟ್ಟೆ. ನಮ್ಮ 60 ಜನರಲ್ಲಿ ಹೆಚ್ಚಿನವರು ಕಾಲೇಜಿನವರು, ಎಲ್ಲರೂ ಚೌಕದೊಳಗೆ ನಿಧಾನವಾಗಿ ಬಾಲ್ ಪೆನ್ನಲ್ಲಿ ಬರೆದವರು. ಅಂಗಡಿ ಲೆಕ್ಕದ ಪುಸ್ತಕದಲ್ಲಿ ಒಂದಕ್ಕೊಂದು ತಾಗಿಸಿ ಬರೆದ ಅಂಕಿಗಳ ಬಗ್ಗೆ ಈ ಪರೀಕ್ಷೆ ಏನೂ ಹೇಳಲ್ಲ. ವೈವಾದಲ್ಲಿ ಮೊದಲು ಬಂದ ಪ್ರಶ್ನೆ ಇದೇ, ಪುಟ ಸಂಖ್ಯೆ ತೋರಿಸಿದೆ, ಅವರು ಮುಂದಿನ ಅಧ್ಯಾಯಕ್ಕೆ ಹೋದರು.