ಆರು ಸಾವಿರ ಪಿನ್‌ಗಳ ಆರ್ಡರನ್ನು ಬೇಡವೆಂದದ್ದು ಹೇಗೆ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಸಿಎನ್‌ಸಿ ಲೇತ್ ಎರಡು, ತಿರುಗುವ ಚಕ್ರದಿಂದ ಉಕ್ಕನ್ನು ತೇಯುವ ಸಿಲಿಂಡ್ರಿಕಲ್ ಗ್ರೈಂಡಿಂಗ್ ಯಂತ್ರ ಒಂದು. ದಿನಕ್ಕೆ ಎರಡು ಪಾಳಿ ಕೆಲಸ. ದೊಡ್ಡ ಆರ್ಡರ್ ಬಂದಾಗ ಅದನ್ನು ಒಪ್ಪಬೇಕೋ ಬಿಡಬೇಕೋ ಎಂಬುದನ್ನು ನಾನು ತೀರ್ಮಾನಿಸುವುದು ಲೇತ್‌ಗಳನ್ನು ನೋಡಿ ಅಲ್ಲ, ಆ ಒಂದೇ ಒಂದು ಗ್ರೈಂಡಿಂಗ್ ಯಂತ್ರವನ್ನು ನೋಡಿ. ನಮ್ಮಂಥ ಪ್ರತಿಯೊಂದು ಶಾಪ್‌ನಲ್ಲೂ ಹೀಗೆ ಎಲ್ಲ ಕೆಲಸವೂ ಸರದಿ ನಿಲ್ಲುವ ಒಂದು ಜಾಗ ಇರುತ್ತದೆ. ಆಗುತ್ತದೆಯೋ ಇಲ್ಲವೋ ಎಂಬ ಉತ್ತರ ಅಲ್ಲಿಂದಲೇ ಬರಬೇಕು.

ಕಳೆದ ವರ್ಷ ಪ್ಯಾಕಿಂಗ್ ಯಂತ್ರ ತಯಾರಿಸುವ ಕಂಪನಿಯೊಂದರಿಂದ ವಿಚಾರಣೆ ಬಂತು. ಹಿಂದೆ ಅವರಿಗೆ ಮುನ್ನೂರು, ಐನೂರು ಲೆಕ್ಕದಲ್ಲಿ ಬಿಡಿಭಾಗಗಳನ್ನು ಮಾಡಿಕೊಟ್ಟಿದ್ದೆವು. ಈ ಸಲ ಕೇಳಿದ್ದು 6,000 ಪಿನ್, 30 ದಿನಗಳಲ್ಲಿ. ಇಎನ್8 ಉಕ್ಕು, ಒಂದು ತುದಿಯಲ್ಲಿ ತಲೆ, ಮೈ 16 ಮಿ.ಮೀ. ವ್ಯಾಸ. ಲೇತ್‌ನಲ್ಲಿ ಟರ್ನಿಂಗ್ ಮಾಡಿ, ಇಂಡಕ್ಷನ್ ಹಾರ್ಡನಿಂಗ್‌ಗೆ ಹೊರಗೆ ಕಳುಹಿಸಿ, ವಾಪಸು ಬಂದ ಮೇಲೆ ಗ್ರೈಂಡಿಂಗ್ ಮಾಡಿ ಅಳತೆಗೆ ತರಬೇಕು. ನಕ್ಷೆಯಲ್ಲಿ ಕೇಳಿದ್ದ ಅಳತೆ ಹೆಚ್6, ಅಂದರೆ 16 ಮಿ.ಮೀ.ಗಿಂತ ಒಂದಿಷ್ಟೂ ಹೆಚ್ಚಿರಬಾರದು, ಕಡಿಮೆಯಾದರೂ ಅದು 11 ಮೈಕ್ರಾನ್ ಮೀರಬಾರದು. ತಲೆಗೂದಲಿನ ದಪ್ಪದ ಆರನೇ ಒಂದು ಪಾಲಿನಷ್ಟು ಜಾಗ ಅದು.

ಕಾಗದದ ಮೇಲೆ ಈ ಆರ್ಡರ್ ಸಲೀಸಾಗಿಯೇ ಕಾಣುತ್ತಿತ್ತು. ಗ್ರೈಂಡಿಂಗ್‌ಗೆ ಪಿನ್ ಒಂದಕ್ಕೆ ಮೂರು ನಿಮಿಷ, ಗಂಟೆಗೆ 20. ಎರಡು ಪಾಳಿಯ 16 ಗಂಟೆಗೆ 320. ಭಾನುವಾರ, ಹಬ್ಬದ ರಜೆ ಕಳೆದರೆ ತಿಂಗಳಿಗೆ 25 ದಿನ, ಒಟ್ಟು 8,000. ಕೇಳಿದ್ದು ಆರು ಸಾವಿರ ತಾನೇ, ಒಪ್ಪಿಕೊಳ್ಳೋಣ ಎನ್ನಿಸುವುದು ಸಹಜ. ದೊಡ್ಡ ಆರ್ಡರ್ ಹಿಡಿದು ಸಿಕ್ಕಿಹಾಕಿಕೊಂಡವರು ಬಹುಪಾಲು ಈ ಲೆಕ್ಕದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಯಂತ್ರ ಪೂರ್ತಿ ಖಾಲಿ ಇದೆ, ಸಾಮಾನು ಮೊದಲ ದಿನವೇ ಅದರ ಮುಂದೆ ಬಂದು ನಿಂತಿದೆ, ಚಕ್ರ ಒಂದು ನಿಮಿಷವೂ ನಿಲ್ಲುವುದಿಲ್ಲ ಎಂಬ ಮೂರು ಊಹೆಗಳು ಇದರಲ್ಲಿ ಸದ್ದಿಲ್ಲದೆ ಸೇರಿಕೊಂಡಿವೆ.

ನಾನು ರಿಜಿಸ್ಟರ್ ತೆಗೆದೆ. ಇದೇ ಬಗೆಯ ಪಿನ್‌ಗಳನ್ನು ಹಿಂದೆ ಮಾಡಿದಾಗ ಒಂದು ಪಾಳಿಯಲ್ಲಿ ಗೇಜ್ ದಾಟಿ ಒಪ್ಪಿಗೆಯಾದವು ಎಷ್ಟು ಎಂಬುದು ಅದರಲ್ಲಿ ಬರೆದಿರುತ್ತದೆ. ಗಡಿಯಾರದ ಲೆಕ್ಕಕ್ಕೆ 160 ಆಗಬೇಕು, ನಿಜವಾಗಿ ಆಗಿದ್ದದ್ದು 125ರ ಆಸುಪಾಸು. ಊಟ, ಚಹಾ, ಚಕ್ರವನ್ನು ವಜ್ರದ ಮೊನೆಯಿಂದ ಕೆರೆದು ಹರಿತಗೊಳಿಸುವ, ಅಂದರೆ ಡ್ರೆಸ್ ಮಾಡುವ ಹೊತ್ತು, ಅಳತೆ ಸರಿದಾಗ ಮತ್ತೆ ಹೊಂದಿಸುವ ಹೊತ್ತು, ಕರೆಂಟ್ ಹೋಗಿ ಬರುವುದು ಎಲ್ಲವೂ ಆ ವ್ಯತ್ಯಾಸದಲ್ಲಿದೆ. ಇನ್ನು ಎರಡು ಪಾಳಿಗಳಲ್ಲಿ ಒಂದು ಹಳೆಯ ಗಿರಾಕಿಗಳ ಕೆಲಸಕ್ಕೆ ಮೀಸಲು. ಅವರಿಗೆ ದಿನಾಂಕ ಕೊಟ್ಟಾಗಿದೆ, ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಈ ಆರ್ಡರಿಗೆ ಉಳಿಯುವುದು ಒಂದೇ ಪಾಳಿ, ದಿನಕ್ಕೆ 125 ಪಿನ್.

ದಿನಗಳೂ 25 ಸಿಗುವುದಿಲ್ಲ. ಉಕ್ಕಿನ ಸರಳು ಬಂದು, ಮೊದಲ ಕಂತಿನ ಟರ್ನಿಂಗ್ ಮುಗಿದು, ಹಾರ್ಡನಿಂಗ್‌ನವರಿಂದ ವಾಪಸು ಬರುವಷ್ಟರಲ್ಲಿ ಏಳು ಕೆಲಸದ ದಿನ ಕಳೆಯುತ್ತವೆ. ಕೊನೆಯಲ್ಲಿ ತಪಾಸಣೆ, ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚುವುದು, ಪ್ಯಾಕಿಂಗ್ ಎಂದು ಎರಡು ದಿನ. ಗ್ರೈಂಡಿಂಗ್‌ಗೆ ಉಳಿದದ್ದು 16 ದಿನ, ಅಂದರೆ 2,000 ಪಿನ್. ಉಳಿದ ನಾಲ್ಕು ಸಾವಿರಕ್ಕೆ ವಾರಕ್ಕೆ 750ರಂತೆ ಇನ್ನೂ ಆರು ವಾರ ಹಿಡಿಯುತ್ತದೆ. ಟರ್ನಿಂಗ್ ಮಾತ್ರ ಒಂದೇ ಲೇತ್‌ನಲ್ಲಿ ಹದಿನಾರು ದಿನಗಳಿಗೆ ಮುಗಿದುಹೋಗುತ್ತಿತ್ತು. ಲೇತ್ ನೋಡಿ ಹೂಂ ಎಂದಿದ್ದರೆ ಗ್ರೈಂಡಿಂಗ್ ಯಂತ್ರದ ಪಕ್ಕದಲ್ಲಿ ಟ್ರೇಗಳು ಪೇರಿಕೊಂಡು ನಿಲ್ಲುತ್ತಿದ್ದವು.

ಬೇರೆ ದಾರಿಗಳನ್ನೂ ಹುಡುಕದೆ ಬಿಡಲಿಲ್ಲ. ಗಡುವಿನೊಳಗೆ ಗ್ರೈಂಡಿಂಗ್‌ಗೆ ಸಿಗುವ ಭಾನುವಾರ ಮೂರೇ. ಎರಡು ಪಟ್ಟು ಕೂಲಿ ಕೊಟ್ಟು ಅಷ್ಟೂ ದಿನ ಓಡಿಸಿದರೂ ನಾನೂರು ಪಿನ್ ಕೂಡ ಹೆಚ್ಚಾಗುವುದಿಲ್ಲ. ಕೂಲಂಟ್ ತೊಟ್ಟಿ ತೊಳೆಯುವುದೂ ಭಾನುವಾರವೇ. ಪಿನ್ನನ್ನು ತುದಿಗಳಲ್ಲಿ ಹಿಡಿಯದೆಯೇ ತೇಯುವ ಸೆಂಟರ್‌ಲೆಸ್ ಗ್ರೈಂಡಿಂಗ್ ಇರುವ ಕಡೆ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಸಾದಾ ಪಿನ್ ಆಗಿದ್ದರೆ ಒಂದು ಕಡೆ ತೂರಿಸಿ ಇನ್ನೊಂದು ಕಡೆ ತೆಗೆಯುತ್ತಾ ಸರಸರನೆ ಮುಗಿಸಬಹುದಿತ್ತು. ಇದಕ್ಕೆ ತಲೆ ಇದೆ, ತೂರುವುದಿಲ್ಲ. ಮೇಲಾಗಿ ಎರಡು ತುದಿಯ ಸೆಂಟರ್‌ಗಳ ನಡುವೆ ಹಿಡಿದೇ ಗ್ರೈಂಡ್ ಮಾಡಬೇಕೆಂದು ನಕ್ಷೆಯಲ್ಲೇ ಬರೆದಿತ್ತು.

ನಮ್ಮ ಹಿರಿಯ ಗ್ರೈಂಡಿಂಗ್ ಆಪರೇಟರ್ ಅವರನ್ನೂ ಕೇಳಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಯಂತ್ರದ ಮುಂದೆ ನಿಂತವರು. "ಮೂರು ನಿಮಿಷವನ್ನು ಎರಡು ಮಾಡಬಹುದು ಸಾರ್. ಆದರೆ ಆಮೇಲೆ ಪಿನ್ ನೋಡಿ" ಎಂದು ಹಿಂದೆಂದೋ ತೆಗೆದಿಟ್ಟಿದ್ದ ಒಂದು ತಿರಸ್ಕೃತ ಪಿನ್ನನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೈ ಮೇಲೆ ಕಂದು ಛಾಯೆಯ ಪಟ್ಟಿ, ಅದರ ಅಂಚಿನಲ್ಲಿ ಸಣ್ಣಗೆ ನೀಲಿ. ಚಕ್ರ ಮೊಂಡಾದ ಮೇಲೂ ಡ್ರೆಸ್ ಮಾಡದೆ ಜೋರಾಗಿ ಒತ್ತಿದರೆ ಉಕ್ಕು ಸುಟ್ಟು ಹೀಗಾಗುತ್ತದೆ. ಹಾರ್ಡನಿಂಗ್‌ನಿಂದ ಬಂದ ಗಡಸುತನ ಅಲ್ಲಿ ಇಳಿದುಹೋಗಿರುತ್ತದೆ. ಕೊನೆಯ ಹದವಾದ ಓಟದಲ್ಲಿ ಬಣ್ಣ ಅಳಿಸಿಹೋಗಿ ಪಿನ್ ಗೇಜ್ ದಾಟಿಬಿಡುವುದೂ ಉಂಟು. ಆಗ ದೋಷ ತಿಳಿಯುವುದು ಗಿರಾಕಿಯ ಯಂತ್ರದೊಳಗೆ ಪಿನ್ ಬೇಗ ಸವೆದಾಗ. ಅಳತೆ ತಪ್ಪಿದ ಪಿನ್ನನ್ನು ನಾವೇ ಹಿಡಿಯುತ್ತೇವೆ, ಸುಟ್ಟ ಪಿನ್ ನಮ್ಮ ಕಣ್ಣು ತಪ್ಪಿಸಿಕೊಂಡು ಹೋಗಬಲ್ಲದು. ನನಗೆ ತಡಕ್ಕಿಂತ ಹೆಚ್ಚಿನ ಭಯ ಅದರದ್ದು.

ಲೆಕ್ಕ ಮುಗಿದ ದಿನವೇ ಫೋನ್ ಮಾಡಿದೆ. ಆಗದ ಕೆಲಸಕ್ಕೆ ಉತ್ತರ ಕೊಡದೆ ಒಂದು ವಾರ ಇಟ್ಟುಕೊಂಡರೆ ಅವರ 30 ದಿನಗಳಲ್ಲಿ ಒಂದು ವಾರವನ್ನು ನಾನು ತಿಂದಂತೆ. ಖರೀದಿ ವಿಭಾಗದ ಅಧಿಕಾರಿ ಕರೆ ತೆಗೆದುಕೊಂಡರು.

"ಮೇಡಂ, ಆರು ಸಾವಿರ ಪಿನ್‌ಗಳನ್ನು ನೀವು ಕೇಳಿದ ದಿನಕ್ಕೆ ಕೊಡಲು ನಮ್ಮಿಂದ ಆಗುವುದಿಲ್ಲ. ಎರಡು ಸಾವಿರ ಆ ದಿನಕ್ಕೆ ಖಂಡಿತ ಕೊಡುತ್ತೇನೆ. ಉಳಿದದ್ದಕ್ಕೆ ಆಮೇಲೆ ಆರು ವಾರ ಬೇಕು."

"ನಿಮ್ಮ ಕೆಲಸ ಚೆನ್ನಾಗಿದೆ ಎಂದೇ ನಿಮಗೆ ಕಳುಹಿಸಿದ್ದು ಸಾರ್. ಹೇಗಾದರೂ ಹೊಂದಿಸಿ."

"ಲೇತ್‌ನದ್ದು ತೊಂದರೆ ಇಲ್ಲ ಮೇಡಂ. ಗ್ರೈಂಡಿಂಗ್ ಯಂತ್ರ ಒಂದೇ ಇದೆ, ನಿಮಗೆ ಕೊಡಲು ಒಂದು ಪಾಳಿ ಇದೆ. ದಿನಕ್ಕೆ 125 ಆಗುತ್ತದೆ. ಆ ದಿನಕ್ಕೆ ನಿಮ್ಮ ಅಸೆಂಬ್ಲಿಗೆ ನಿಜವಾಗಿ ಎಷ್ಟು ಬೇಕು?"

ಈ ಕೊನೆಯ ಪ್ರಶ್ನೆಯನ್ನು ನಾನು ಯಾವಾಗಲೂ ಕೇಳುತ್ತೇನೆ. ಆರ್ಡರಿನಲ್ಲಿ ಒಂದೇ ದಿನಾಂಕ ಇದ್ದರೂ ಜೋಡಣೆ ವಾರಗಟ್ಟಲೆ ನಡೆಯುವುದುಂಟು, ಆಗ ಕಂತಿನಲ್ಲಿ ಕೊಟ್ಟರೂ ನಡೆಯುತ್ತದೆ. ಅವರು ಒಳಗೆ ವಿಚಾರಿಸಿ ಹೇಳಿದರು: ಯಂತ್ರಗಳು ಒಟ್ಟಿಗೆ ಹಡಗಿಗೆ ಹೋಗಬೇಕು, ಕಡಿಮೆಯೆಂದರೂ 3,500 ಬೇಕೇ ಬೇಕು. ಅಷ್ಟೂ ನಮ್ಮ ಕೈಗೆ ನಿಲುಕುತ್ತಿರಲಿಲ್ಲ. ಆದರೂ ಅವರ ಮೇಲಧಿಕಾರಿಗಳ ಮುಂದಿಡಲು ಬರಹದಲ್ಲಿ ಬೇಕೆಂದರು. ಅದೇ ಸಂಜೆ ಕಳುಹಿಸಿದ ಪತ್ರದ ಒಕ್ಕಣೆ ಹೀಗಿತ್ತು:

"ಮಾನ್ಯರೇ, 16 ಮಿ.ಮೀ. ಪಿನ್, 6,000 ಸಂಖ್ಯೆಯ ನಿಮ್ಮ ವಿಚಾರಣೆಗಾಗಿ ಧನ್ಯವಾದಗಳು. ನೀವು ಕೋರಿರುವ 30 ದಿನಗಳಲ್ಲಿ ಪೂರ್ತಿ ಸಂಖ್ಯೆಯನ್ನು ಒದಗಿಸಲು ನಮ್ಮ ಗ್ರೈಂಡಿಂಗ್ ಸಾಮರ್ಥ್ಯ ಸಾಲದಿರುವುದರಿಂದ ಈ ಆರ್ಡರನ್ನು ಸ್ವೀಕರಿಸಲು ಆಗುತ್ತಿಲ್ಲ, ವಿಷಾದಿಸುತ್ತೇವೆ. ಆ ದಿನಾಂಕಕ್ಕೆ 2,000, ಅನಂತರ ವಾರಕ್ಕೆ 750 ಪಿನ್‌ಗಳನ್ನು ನಕ್ಷೆಯ ಅಳತೆಗೆ ಮಾಡಿಕೊಡಬಲ್ಲೆವು. ಇದು ನಿಮಗೆ ಹೊಂದುವುದಾದರೆ ತಿಳಿಸಿ. ಒಂದು ಪಾಳಿಯನ್ನು ಶುಕ್ರವಾರ ಸಂಜೆಯವರೆಗೆ ನಿಮಗಾಗಿ ಕಾದಿರಿಸಿದ್ದೇವೆ."

ಆಗುವುದಿಲ್ಲ ಎಂಬುದು ಎರಡನೇ ವಾಕ್ಯದಲ್ಲೇ ಬರುವಂತೆ ಬರೆದೆ. ಓದುವವರು ಪತ್ರದ ಕೊನೆಯವರೆಗೆ ಹುಡುಕುವಂತಾಗಬಾರದು. "ಪ್ರಯತ್ನಿಸುತ್ತೇವೆ" ಎಂದು ಎಲ್ಲಿಯೂ ಹಾಕಲಿಲ್ಲ, ಖರೀದಿ ವಿಭಾಗದ ಪಟ್ಟಿಯಲ್ಲಿ ಅದು ಒಪ್ಪಿಗೆಯ ಕಾಲಮ್ಮಿಗೆ ಹೋಗುತ್ತದೆ. ಬೇರೆ ಯಾವ ಗಿರಾಕಿಗಳ ಕೆಲಸ ಯಂತ್ರದ ಮೇಲಿದೆ ಎಂದೂ ಬರೆಯಲಿಲ್ಲ. ಅದು ಆ ಗಿರಾಕಿಗಳ ಗುಟ್ಟು, ಮತ್ತು "ಅವರಿಗಿಂತ ನಾವು ಕಡಿಮೆಯೇ" ಎಂಬ ಮಾತಿಗೆ ಅದು ಎಡೆ ಮಾಡಿಕೊಡುತ್ತದೆ. ಶುಕ್ರವಾರದ ಗಡುವು ನಮ್ಮ ಹಿತಕ್ಕೂ ಬೇಕು. ಅದಿಲ್ಲದಿದ್ದರೆ ಪಾಳಿಯನ್ನು ಖಾಲಿ ಇಟ್ಟುಕೊಂಡು ಎಷ್ಟು ದಿನ ಕಾಯುವುದು?

ನೇರವಾಗಿ ಇಲ್ಲವೆನ್ನಲು ಮುಜುಗರಪಟ್ಟು ದರವನ್ನು ಒಂದೂವರೆ ಪಟ್ಟು ಏರಿಸಿ ಕಳುಹಿಸುವವರನ್ನು ಕಂಡಿದ್ದೇನೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ತುರ್ತಿನಲ್ಲಿರುವ ಕಂಪನಿ ಆ ದರಕ್ಕೂ ಹೂಂ ಎಂದುಬಿಟ್ಟರೆ ಆಗದ ಕೆಲಸ ಕೊರಳಿಗೆ ಬೀಳುತ್ತದೆ. ಬೇಡವೆಂದರೆ ನಾವು ದುಬಾರಿಯವರೆಂದು ದಾಖಲಾಗಿ ಮುಂದಿನ ಸಣ್ಣ ಆರ್ಡರುಗಳೂ ಬರುವುದಿಲ್ಲ.

ಮರುದಿನ ಅವರೇ ಇನ್ನೊಂದು ಸಲಹೆ ಕೊಟ್ಟರು. ಟರ್ನಿಂಗ್ ಮತ್ತು ಹಾರ್ಡನಿಂಗ್ ನಾವು ಮಾಡುವುದು, ಗ್ರೈಂಡಿಂಗ್ ಅವರು ಬೇರೆಯವರಿಂದ ಮಾಡಿಸುವುದು. ಲೇತ್ ಖಾಲಿ ಇದ್ದುದರಿಂದ ಆಸೆಯಾಯಿತು. ಆದರೆ ಇಂಥ ಪಿನ್‌ನ ತುದಿಗಳಲ್ಲಿ ಕೊರೆಯುವ ಸೆಂಟರ್ ಕುಳಿಗಳ ಮೇಲೆಯೇ ಗ್ರೈಂಡಿಂಗ್ ನಿಂತಿರುತ್ತದೆ. ಹಾರ್ಡನಿಂಗ್‌ನಲ್ಲಿ ಪಿನ್ ಚೂರು ಬಾಗಿದರೂ, ಕುಳಿಯಲ್ಲಿ ಕರಕಲು ಉಳಿದರೂ ಮೈ ಓಲಾಡುತ್ತದೆ. ಗ್ರೈಂಡಿಂಗ್‌ಗೆಂದು ವ್ಯಾಸದಲ್ಲಿ ಬಿಡುವ 0.3 ಮಿ.ಮೀ. ಸಾಲದೆ ಹೋಗಬಹುದು. ನಮ್ಮಲ್ಲೇ ಆದರೆ ಆಪರೇಟರ್ ಬಂದು ಹೇಳುತ್ತಾರೆ, ಅರ್ಧ ಗಂಟೆಯಲ್ಲಿ ಸರಿಪಡಿಸುತ್ತೇವೆ. ಎರಡು ಶಾಪ್‌ಗಳ ನಡುವೆ ಆದರೆ ತಪ್ಪು ಯಾರದ್ದೆಂದು ವಾದಿಸುವುದರಲ್ಲೇ ಅವರ ಗಡುವು ಮುಗಿಯುತ್ತದೆ. ಇಷ್ಟನ್ನೂ ಹೇಳಿ, ಪೂರ್ತಿ ಕೆಲಸವನ್ನು ಒಂದೇ ಸೂರಿನಡಿ ಕೊಡುವುದು ನಿಮಗೆ ಒಳ್ಳೆಯದು ಎಂದೆ. ಗ್ರೈಂಡಿಂಗ್ ಯಂತ್ರ ಮೂರು ಇರುವ ಪರಿಚಯದ ಶಾಪ್ ಒಂದಿತ್ತು. ಮೊದಲು ಅವರಿಗೆ ಫೋನ್ ಮಾಡಿ, ಕೆಲಸ ಹಿಡಿಯುವ ಸ್ಥಿತಿಯಲ್ಲಿದ್ದಾರೆಯೇ ಎಂದು ಕೇಳಿ, ಆಮೇಲೆ ಹೆಸರು ಕೊಟ್ಟೆ. ನಕ್ಷೆಯನ್ನು ಮಾತ್ರ ಅವರಿಗೆ ತೋರಿಸಲಿಲ್ಲ. ಅದು ಕಂಪನಿಯ ಸ್ವತ್ತು, ಕಳುಹಿಸುವುದಿದ್ದರೆ ಕಂಪನಿಯೇ ಕಳುಹಿಸಬೇಕು.

ಶುಕ್ರವಾರ ಮಧ್ಯಾಹ್ನ ಅಧಿಕಾರಿಯಿಂದ ಸಂದೇಶ ಬಂತು, ಆರ್ಡರ್ ಪೂರ್ತಿಯಾಗಿ ಆ ಶಾಪ್‌ಗೆ ಹೋಗಿತ್ತು. ಮಾದರಿಗೆಂದು ಕೊಟ್ಟಿದ್ದ ಎರಡು ಪಿನ್‌ಗಳನ್ನೂ ನಕ್ಷೆಯ ಪ್ರತಿಯನ್ನೂ ಚಲನ್ ಮಾಡಿ ವಾಪಸು ಕಳುಹಿಸಿದೆ. ಸರಳಿಗೆ ಹೇಳಿಟ್ಟಿದ್ದ ವ್ಯಾಪಾರಿಗೂ, ಸರದಿ ಹಿಡಿದಿಟ್ಟಿದ್ದ ಹಾರ್ಡನಿಂಗ್‌ನವರಿಗೂ ಬೇಡವೆಂದು ತಿಳಿಸಿ, ಆ ಪಾಳಿಗೆ ಸೋಮವಾರದಿಂದ ಬೇರೆ ಕೆಲಸ ಬರೆದುಕೊಂಡೆ.