ಬಾಡಿಗೆಯೋ ಸ್ವಂತ ಮನೆಯೋ: ತುಮಕೂರಿನಲ್ಲಿ ನಾನು ಹಾಕಿದ ಲೆಕ್ಕ

"ಬಾಡಿಗೆ ಕಟ್ಟೋ ದುಡ್ಡಲ್ಲೇ ಕಂತು ಕಟ್ಟಿ ಸಾರ್, ಮನೆ ನಿಮ್ಮದಾಗುತ್ತೆ." ತುಮಕೂರಿನ ಯಾವ ಬ್ರೋಕರ್ ಸಿಕ್ಕಿದರೂ ಈ ಮಾತು ಬರುತ್ತದೆ. ನನ್ನ ಮಟ್ಟಿಗೆ ಇದು ನಿಜವಲ್ಲ ಅಂತ ಒಂದು ಕೂಡಿಸು ಕಳೆಯಲ್ಲೇ ಗೊತ್ತಾಯಿತು. ಆಗ ನಾನು ಕೊಡುತ್ತಿದ್ದ ಬಾಡಿಗೆ ತಿಂಗಳಿಗೆ 12 ಸಾವಿರ. ನೋಡಿದ ಮನೆಯ ಕಂತು 34,713 ರೂಪಾಯಿ. ಆದರೆ ಇಷ್ಟಕ್ಕೇ "ಬಾಡಿಗೆಯೇ ಲಾಭ" ಅನ್ನೋದೂ ತಪ್ಪು. ಕಂತಿನಲ್ಲಿ ಒಂದು ಭಾಗ ನಮ್ಮ ಆಸ್ತಿಯಾಗಿ ಉಳಿಯುತ್ತದೆ, ಬಾಡಿಗೆ ವರ್ಷ ವರ್ಷ ಏರುತ್ತದೆ. ಹಾಗಾಗಿ ಸರಿಯಾಗಿ ಕೂತು ಲೆಕ್ಕ ಹಾಕಿದೆ. ನಾನು ವಸಂತನರಸಾಪುರದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ದಿನವೂ ಮಾಡುವ ಕೆಲಸವೇ, ಈ ಸಲ ಮನೆಗೆ ಮಾಡಿದೆ ಅಷ್ಟೆ.

ನೋಡಿದ್ದು ಶಿರಾ ಗೇಟ್ ಕಡೆಯ ಒಂದು ಹೊಸ ಬಡಾವಣೆಯ ಮನೆ. 30x40 ಸೈಟು, ಎರಡು ಬೆಡ್‌ರೂಮು, ಬೆಲೆ 50 ಲಕ್ಷ. ಮಾಲೀಕರ ಜೊತೆ ಮಾತಾಡಿದಾಗ ಅಂದಾಜು ಸೈಟಿಗೆ 25, ಕಟ್ಟಡಕ್ಕೆ 25 ಅಂತ ತಿಳಿಯಿತು. ಈ ಪಾಲು ಮುಂದೆ ಬಹಳ ಮುಖ್ಯವಾಗುತ್ತದೆ. 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ. 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ಸಾಲ 40 ಲಕ್ಷ, ಕೈಯಿಂದ 10 ಲಕ್ಷ. ಇದರ ಮೇಲೆ ನೋಂದಣಿ ಖರ್ಚು ಬೇರೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು ಮತ್ತು ಸರ್‌ಚಾರ್ಜ್ ಸೇರಿ ಶೇ. 5.6. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2. ಒಟ್ಟು ಶೇ. 7.6, ಅಂದರೆ 3 ಲಕ್ಷ 80 ಸಾವಿರ. ಇದಕ್ಕೆ ಸಾಲ ಸಿಗಲ್ಲ, ಮನೆ ಮಾರಿದಾಗ ವಾಪಸ್ಸೂ ಬರಲ್ಲ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಸೇರಿಸಿ ಕೈಯಿಂದ ಹೋಗುವುದು ಒಟ್ಟು 14 ಲಕ್ಷ ಅಂತ ಹಿಡಿದೆ.

ಬಡ್ಡಿ ಶೇ. 8.5, ಅವಧಿ 20 ವರ್ಷ. ಸ್ಪ್ರೆಡ್‌ಶೀಟಿನಲ್ಲಿ ಎರಡು ಸೂತ್ರ ಸಾಕು. ಮೊದಲನೆಯದು ತಿಂಗಳ ಕಂತು, ಎರಡನೆಯದು ಹತ್ತು ವರ್ಷ ಕಟ್ಟಿದ ಮೇಲೆ ಉಳಿಯುವ ಸಾಲ.

```
=PMT(8.5%/12,240,-4000000)
=FV(8.5%/12,120,34713,-4000000)
```

ಎರಡನೆಯ ಉತ್ತರ ನೋಡಿ ನನ್ನ ಹೆಂಡತಿ "ಮತ್ತೊಂದು ಸಲ ಒತ್ತಿ ನೋಡ್ರೀ" ಅಂದಳು. ಹತ್ತು ವರ್ಷದಲ್ಲಿ ಸುಮಾರು 41 ಲಕ್ಷ 66 ಸಾವಿರ ಕಟ್ಟಿದ ಮೇಲೂ ಸಾಲ 28 ಲಕ್ಷ ಉಳಿದಿರುತ್ತದೆ. ಕಾರಣ ಇಷ್ಟೇ. ಮೊದಲ ವರ್ಷ ಕಟ್ಟುವ 4 ಲಕ್ಷ 16 ಸಾವಿರದಲ್ಲಿ 3 ಲಕ್ಷ 37 ಸಾವಿರ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 80 ಸಾವಿರದ ಒಳಗೆ.

ಹಾಗಾಗಿ ಕಂತನ್ನು ಬಾಡಿಗೆಯ ಪಕ್ಕ ಇಡುವುದನ್ನೇ ಬಿಟ್ಟೆ. ಎರಡೂ ಕಡೆ "ಹೋದರೆ ಹೋಯಿತು, ವಾಪಸ್ ಬರಲ್ಲ" ಅನ್ನುವ ದುಡ್ಡನ್ನು ಮಾತ್ರ ಬರೆದೆ. ಕೊಂಡರೆ ಮೊದಲ ವರ್ಷದ ಬಡ್ಡಿ 3 ಲಕ್ಷ 37 ಸಾವಿರ. ನಿರ್ವಹಣೆಗೆ 30 ಸಾವಿರ. ಕೈಯಿಂದ ಹಾಕಿದ 14 ಲಕ್ಷ ಎಫ್‌ಡಿಯಲ್ಲಿ ಇದ್ದಿದ್ದರೆ ತೆರಿಗೆ ಕಳೆದು ಶೇ. 6 ಬರುತ್ತಿತ್ತು, ಆ 84 ಸಾವಿರವೂ ನಷ್ಟವೇ. ಒಟ್ಟು 4 ಲಕ್ಷ 51 ಸಾವಿರ. ಬಾಡಿಗೆ ಮನೆಯಲ್ಲಿ ವರ್ಷದ ಬಾಡಿಗೆ 1 ಲಕ್ಷ 44 ಸಾವಿರ, ಅಡ್ವಾನ್ಸ್ ಕೊಟ್ಟ ಒಂದು ಲಕ್ಷದ ಬಡ್ಡಿ 6 ಸಾವಿರ. ಒಟ್ಟು ಒಂದೂವರೆ ಲಕ್ಷ. ವ್ಯತ್ಯಾಸ 3 ಲಕ್ಷ. ಅಂದರೆ 50 ಲಕ್ಷದ ಮನೆ ಆ ವರ್ಷ 3 ಲಕ್ಷ, ಶೇ. 6 ಬೆಲೆ ಏರಿದರೆ ಮಾತ್ರ ಎರಡೂ ಸಮ. ಯಾರಾದರೂ ಮನೆ ತೋರಿಸಿದರೆ ಈಗಲೂ ನಾನು ಮೊದಲು ಮಾಡುವುದು ಇಷ್ಟೇ. ಕ್ಯಾಲ್ಕುಲೇಟರ್ ಇದ್ದರೆ ಐದು ನಿಮಿಷದ ಕೆಲಸ.

ನಿರ್ವಹಣೆಯ 30 ಸಾವಿರ ಸುಮ್ನೆ ಬರೆದದ್ದಲ್ಲ. ಕ್ಯಾತ್ಸಂದ್ರದಲ್ಲಿ ಸ್ವಂತ ಮನೆ ಇರುವ ಸಹೋದ್ಯೋಗಿಯೊಬ್ಬರು ಬಿಲ್ಲುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿ ಇಟ್ಟಿದ್ದರು. ಅದನ್ನು ಇಸ್ಕೊಂಡು ಬಂದೆ. ಆರು ವರ್ಷಕ್ಕೊಮ್ಮೆ ಒಳಗೂ ಹೊರಗೂ ಬಣ್ಣಕ್ಕೆ 90 ಸಾವಿರ, ಅಂದರೆ ವರ್ಷಕ್ಕೆ 15 ಸಾವಿರ. ಮನೆ ಕಂದಾಯ, ನೀರಿನ ಬಿಲ್ಲು ಎಲ್ಲ ಸೇರಿ 5 ಸಾವಿರ. ಮೋಟಾರು ಎತ್ತಿಸಿ ವೈಂಡಿಂಗ್ ಮಾಡಿಸಿದ್ದು, ತಾರಸಿ ಸೋರಿದ್ದಕ್ಕೆ ಮಾಡಿಸಿದ ರಿಪೇರಿ, ನಲ್ಲಿ, ಸಂಪು ತೊಳೆಸಿದ್ದು ಹೀಗೆ 10 ಸಾವಿರ. ಹೊಸ ಬೋರ್‌ವೆಲ್ ಕೊರೆಸುವ ಖರ್ಚನ್ನು ನಾನು ಸೇರಿಸಿಲ್ಲ. ನಮ್ಮ ಕಡೆ ನೀರು ಎಷ್ಟು ಆಳಕ್ಕೆ ಸಿಗುತ್ತದೆ ಅಂತ ಯಾರು ಹೇಳುತ್ತಾರೆ? ಕೂಲಿ, ಸಾಮಾನು ದುಬಾರಿ ಆಗುತ್ತಾ ಹೋಗುವುದರಿಂದ ಈ 30 ಸಾವಿರ ವರ್ಷಕ್ಕೆ ಶೇ. 6 ಏರುತ್ತದೆ ಅಂತ ಹಿಡಿದೆ.

ಬಾಡಿಗೆ ಎಷ್ಟು ಏರುತ್ತದೆ ಅನ್ನುವುದಕ್ಕೆ ಹಳೆಯ ಕರಾರು ಪತ್ರಗಳನ್ನು ಹುಡುಕಿ ತೆಗೆದೆ. ಕಾಗದದಲ್ಲಿ ಒಂದು ಕಡೆ 11 ತಿಂಗಳಿಗೆ ಶೇ. 5, ಇನ್ನೊಂದು ಕಡೆ ಶೇ. 10 ಅಂತ ಇತ್ತು. ಆದರೆ ನಿಜವಾಗಿ ಕೊಟ್ಟದ್ದು ಬೇರೆ. ಒಬ್ಬ ಮಾಲೀಕರು ಎರಡು ವರ್ಷ ಏರಿಸಲೇ ಇಲ್ಲ, ಮನೆ ಬದಲಿಸಿದಾಗ ಒಂದೇ ಸಲಕ್ಕೆ ಒಂದೂವರೆ ಸಾವಿರ ಹೋಯಿತು. ಎಂಟು ವರ್ಷದಲ್ಲಿ 8 ಸಾವಿರದಿಂದ 12 ಸಾವಿರಕ್ಕೆ ಬಂದಿದ್ದೆವು. ಅದು ವರ್ಷಕ್ಕೆ ಸರಾಸರಿ ಶೇ. 5ರ ಮೇಲೆ ಚೂರು. ಕರಾರಿನಲ್ಲಿ ಬರೆದದ್ದಕ್ಕಿಂತ ಈ ಅಂಕಿಯನ್ನೇ ನಾನು ನಂಬುತ್ತೇನೆ. ಇನ್ನೊಂದು ಮಾತು. ಏರಿಕೆ 11 ತಿಂಗಳಿಗೊಮ್ಮೆ ಆದರೆ ಶೇ. 5 ಅನ್ನುವುದು ವರ್ಷಕ್ಕೆ ಶೇ. 5.5 ಆಗುತ್ತದೆ. ಸಹಿ ಹಾಕುವಾಗ ಇದನ್ನು ಯಾರೂ ಗಮನಿಸಲ್ಲ.

ಶೇ. 5ರ ಲೆಕ್ಕದಲ್ಲಿ ಇಪ್ಪತ್ತನೇ ವರ್ಷದ ಬಾಡಿಗೆ 30,300. ಆಗಲೂ ಕಂತಿಗಿಂತ ಕಡಿಮೆಯೇ. "ಬಾಡಿಗೆ ಏರುತ್ತಾ ಏರುತ್ತಾ ಕಂತನ್ನು ದಾಟಿ ಬಿಡುತ್ತೆ" ಅನ್ನುವ ಮಾತು ನನ್ನ ವಿಷಯದಲ್ಲಿ ಸಾಲ ತೀರುವವರೆಗೂ ನಿಜವಾಗುವುದಿಲ್ಲ. ಶೇ. 8 ಏರಿದರೆ ಹದಿನೈದನೇ ವರ್ಷಕ್ಕೆ ದಾಟುತ್ತದೆ.

ಆಮೇಲೆ ಹತ್ತು ವರ್ಷದ ಲೆಕ್ಕ. ಬಾಡಿಗೆ ಮನೆಯಲ್ಲೇ ಇದ್ದು, 14 ಲಕ್ಷದಲ್ಲಿ ಅಡ್ವಾನ್ಸ್ ಕಳೆದು ಉಳಿದ 13 ಲಕ್ಷ ಎಫ್‌ಡಿಗೆ ಹಾಕಿದೆ ಅಂತಿಟ್ಟುಕೊಳ್ಳಿ. ಕಂತು ಮತ್ತು ನಿರ್ವಹಣೆಗೂ ಬಾಡಿಗೆಗೂ ಇರುವ ವ್ಯತ್ಯಾಸವನ್ನು ತಿಂಗಳು ತಿಂಗಳು ಆರ್‌ಡಿ ಕಟ್ಟುತ್ತೇನೆ. ಶುರುವಿನಲ್ಲಿ ಅದು 25 ಸಾವಿರ, ಹತ್ತನೇ ವರ್ಷಕ್ಕೆ 20 ಸಾವಿರಕ್ಕೆ ಇಳಿಯುತ್ತದೆ. ಶೇ. 6ರಲ್ಲಿ ಎಲ್ಲ ಸೇರಿ ಹತ್ತು ವರ್ಷದ ಕೊನೆಗೆ ಸುಮಾರು 62 ಲಕ್ಷ ಕೈಯಲ್ಲಿರುತ್ತದೆ. ಕೊಂಡಿದ್ದರೆ ಮನೆ ಇರುತ್ತದೆ, ಜೊತೆಗೆ 28 ಲಕ್ಷ ಸಾಲ. ಎರಡೂ ಸಮ ಆಗಬೇಕಾದರೆ ಮನೆ 90 ಲಕ್ಷಕ್ಕೆ ಹೋಗಬೇಕು.

50 ಲಕ್ಷ ಹತ್ತು ವರ್ಷದಲ್ಲಿ 90 ಆಗುವುದು ಅಂದರೆ ವರ್ಷಕ್ಕೆ ಶೇ. 6. ಕೇಳಲು ಸುಲಭ ಅನಿಸುತ್ತದೆ, ಅಲ್ವಾ? ಇಲ್ಲೇ ಸೈಟು ಮತ್ತು ಕಟ್ಟಡದ ಪಾಲು ಬರುವುದು. ಬೆಲೆ ಏರುವುದು ನೆಲಕ್ಕೆ. ಕಟ್ಟುವ ಖರ್ಚು ಜಾಸ್ತಿಯಾದರೂ ಕಟ್ಟಡ ಹಳೆಯದಾಗುತ್ತದೆ, ಹಾಗಾಗಿ ಅದು 25 ಲಕ್ಷದಲ್ಲೇ ನಿಂತಿತು ಅಂತ ಹಿಡಿದೆ. ಉಳಿದದ್ದನ್ನೆಲ್ಲ ಸೈಟೇ ಹೊರಬೇಕು. 25 ಲಕ್ಷದ ಸೈಟು 65 ಲಕ್ಷ ಆಗಬೇಕು. ಅದು ವರ್ಷಕ್ಕೆ ಶೇ. 10, ಹತ್ತು ವರ್ಷ ಬಿಡದೆ. ಬೆಂಗಳೂರಿಗೆ ಹತ್ತಿರ, ಹೆದ್ದಾರಿ, ಕೈಗಾರಿಕಾ ಪ್ರದೇಶ ಅಂತ ತುಮಕೂರಿನ ಸೈಟು ಏರಬಹುದು. ಆದರೆ ಅದರ ಮೇಲೆ 40 ಲಕ್ಷ ಸಾಲ ಮಾಡುವಷ್ಟು ಧೈರ್ಯ ನನಗಿಲ್ಲ. ಹಳೇ ಬಡಾವಣೆಯಲ್ಲಿ, ಬೆಲೆಯ ಮುಕ್ಕಾಲು ಪಾಲು ನೆಲವೇ ಆಗಿರುವ ಹಳೆ ಮನೆ ಸಿಕ್ಕರೆ ಲೆಕ್ಕ ಬೇರೆಯೇ ಆಗುತ್ತದೆ.

ಬಾಡಿಗೆ ಶೇ. 8 ಏರಿದರೆ ಏನಾಗುತ್ತದೆ ಅಂತಲೂ ನೋಡಿದೆ. ಉತ್ತರ ನಾನು ಅಂದುಕೊಂಡ ಹಾಗಿರಲಿಲ್ಲ. ಹತ್ತು ವರ್ಷದ ಲೆಕ್ಕದಲ್ಲಿ ಆಗುವ ವ್ಯತ್ಯಾಸ ಬರೀ 3 ಲಕ್ಷ ಚಿಲ್ಲರೆ. 90 ಇದ್ದದ್ದು 87ರ ಹತ್ತಿರ ಬರುತ್ತದೆ. ಅದೇ ಇಪ್ಪತ್ತು ವರ್ಷಕ್ಕೆ ವ್ಯತ್ಯಾಸ 25 ಲಕ್ಷ ದಾಟುತ್ತದೆ. ಆಗ ಮನೆ ಬೆಲೆ ವರ್ಷಕ್ಕೆ ಶೇ. 4 ಏರಿದರೂ ಕೊಂಡವರಿಗೆ ನಷ್ಟವಿಲ್ಲ. ಅಂದರೆ ಬಾಡಿಗೆ ಏರಿಕೆ ಕಚ್ಚುವುದು ತಡವಾಗಿ. ಹತ್ತು ವರ್ಷದೊಳಗೆ ಊರು ಬಿಡುವವರು ಅದಕ್ಕೆ ಹೆದರಿ ಮನೆ ಕೊಳ್ಳಬೇಕಾಗಿಲ್ಲ. ಇಲ್ಲೇ ನೆಲೆ ನಿಲ್ಲುವವರು ಅದನ್ನು ಹಗುರವಾಗಿ ನೋಡುವಂತಿಲ್ಲ.

ಕೊಳ್ಳುವ ಕಡೆಯ ಒಂದು ಅಪಾಯವನ್ನೂ ಹೇಳಬೇಕು. ಬಡ್ಡಿ ಬದಲಾಗುವ ಸಾಲದಲ್ಲಿ ದರ ಏರಿದಾಗ ಕಂತು ಹಾಗೇ ಇದ್ದು ಅವಧಿ ಉದ್ದ ಆಗಬಹುದು. ಶುರುವಿನಲ್ಲೇ ಶೇ. 9.5 ಆದರೆ 240 ಕಂತು ಹೋಗಿ 309 ಕಂತಾಗುತ್ತದೆ. ಕಂತು ಏರಿಸಬೇಕೋ ಅವಧಿಯೋ ಅಂತ ಆರಿಸುವ ಅವಕಾಶವನ್ನು ಸಾಲಗಾರನಿಗೆ ಕೊಡಬೇಕು ಅಂತ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಬ್ಯಾಂಕಿನಿಂದ ಬರುವ ಮೆಸೇಜ್ ಓದದೆ ಬಿಟ್ಟರೆ ಆ ಅವಕಾಶ ಇದ್ದೂ ಪ್ರಯೋಜನವಿಲ್ಲ. ತೆರಿಗೆ ವಿನಾಯಿತಿಯನ್ನು ನಾನು ಲೆಕ್ಕಕ್ಕೇ ತಂದಿಲ್ಲ. ನಾನಿರುವುದು ಹೊಸ ತೆರಿಗೆ ಪದ್ಧತಿಯಲ್ಲಿ. ಅಲ್ಲಿ ನಾವೇ ವಾಸಿಸುವ ಮನೆಯ ಬಡ್ಡಿಗೂ ಇಲ್ಲ, ಬಾಡಿಗೆ ಭತ್ಯೆಗೂ ಇಲ್ಲ.

ಹೆಂಡತಿಯ ಆಕ್ಷೇಪ ಬೇರೆಯದೇ ಇತ್ತು. ಮಾಲೀಕರ ಮಗ ಬೆಂಗಳೂರಿನಿಂದ ವಾಪಸ್ ಬಂದರೆ ಮನೆ ಖಾಲಿ ಮಾಡಬೇಕು, ಮಗಳ ಸ್ಕೂಲು ದೂರ ಆಗುತ್ತದೆ. ಸಾಮಾನು ಸಾಗಿಸುವುದು, ಬಣ್ಣಕ್ಕೆ ಅಂತ ಅಡ್ವಾನ್ಸಿನಲ್ಲಿ ಹಿಡಿಯುವ ಒಂದು ತಿಂಗಳ ಬಾಡಿಗೆ ಎಲ್ಲ ಸೇರಿ ಒಂದು ಸಲಕ್ಕೆ 30 ಸಾವಿರ. ಹತ್ತು ವರ್ಷದಲ್ಲಿ ಮೂರು ಸಲ ಅಂದರೂ ಒಂದು ಲಕ್ಷದ ಆಸುಪಾಸು. ದುಡ್ಡಿನ ಲೆಕ್ಕದಲ್ಲಿ ಇದು ಚಿಕ್ಕದು. ಆದರೆ ಅವಳು ಕೇಳಿದ್ದು ದುಡ್ಡಿನ ಪ್ರಶ್ನೆ ಅಲ್ಲ. ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇಲ್ಲ.

ನಡುವೆ ಮಾಲೀಕರು "10 ಲಕ್ಷ ಭೋಗ್ಯಕ್ಕೆ ಹಾಕಿಕೊಳ್ಳಿ, ಬಾಡಿಗೆ ಬೇಡ" ಅಂದರು. ಬರೀ ಲೆಕ್ಕ ನೋಡಿದರೆ ಅದೇ ಗೆಲ್ಲುತ್ತದೆ. ವರ್ಷಕ್ಕೆ 60 ಸಾವಿರ ಬಡ್ಡಿ ಬಿಟ್ಟು 1 ಲಕ್ಷ 44 ಸಾವಿರದ ಬಾಡಿಗೆ ಉಳಿಯುತ್ತಿತ್ತು. ಆದರೆ ಮನೆಯ ಮೇಲೆ ಅವರ ಸಾಲ ಇತ್ತು, ಭೋಗ್ಯ ಪತ್ರ ನೋಂದಣಿ ಮಾಡಿಸಲು ಒಪ್ಪಲಿಲ್ಲ. ಅಲ್ಲಿಗೆ ಬಿಟ್ಟೆ.

ಸದ್ಯ ಬಾಡಿಗೆಯಲ್ಲೇ ಇದ್ದೇವೆ. ಸಂಬಳ ಬಂದ ಮಾರನೇ ದಿನ 25 ಸಾವಿರ ತಾನಾಗೇ ಆರ್‌ಡಿಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟಿದ್ದೇನೆ. ಅದು ಹೋಗದಿದ್ದರೆ ಮೇಲಿನ 62 ಲಕ್ಷ ಬರೀ ಕಾಗದದ ಮೇಲೆ, ಆಗ ಕೊಂಡವನೇ ಗೆದ್ದ ಹಾಗೆ. ಕರಾರು ನವೀಕರಿಸುವಾಗ ಪ್ರತಿ ವರ್ಷ ಹಾಳೆಯಲ್ಲಿ ಎರಡು ಅಂಕಿ ತುಂಬುತ್ತೇನೆ, ಹೊಸ ಬಾಡಿಗೆ ಮತ್ತು ಆ ಬಡಾವಣೆಯಲ್ಲಿ ನಿಜವಾಗಿ ಮಾರಾಟವಾದ ಬೆಲೆ. ಈ ವರ್ಷ ಬಾಡಿಗೆ 12,600 ಆಯಿತು. ಅದೇ ಸಾಲಿನ, ಅದೇ ಅಳತೆಯ ಮನೆ 52 ಲಕ್ಷಕ್ಕೆ ಹೋಯಿತಂತೆ. ಶೇ. 4.